ಡೆಲಿವರ್ಡ್ ಅಂತಿದೆ, ಪಾರ್ಸೆಲ್ ಮಾತ್ರ ಕೈಗೆ ಬಂದಿಲ್ಲ

"ಆ್ಯಪಲ್ಲಿ ಡೆಲಿವರ್ಡ್ ಅಂತ ತೋರಿಸ್ತಿದೆ. ಡೆಲಿವರಿ ಹುಡುಗ ಸೆಕ್ಯೂರಿಟಿಗೆ ಕೊಟ್ಟೆ ಅಂತಾನೆ, ಸೆಕ್ಯೂರಿಟಿ ನಮ್ಮ ಹತ್ರ ಬಂದಿಲ್ಲ ಅಂತಾರೆ. ದೊಡ್ಡ ಅಪಾರ್ಟ್‌ಮೆಂಟ್, ಗ್ರೂಪಲ್ಲಿ ಹಾಕಿದ್ರೂ ಯಾರೂ ಉತ್ತರ ಕೊಟ್ಟಿಲ್ಲ. ಏನು ಮಾಡ್ಲಿ?"

ಇವತ್ತೇ ಆಗಿದ್ದರೆ ರಾತ್ರಿ ಎಂಟರ ಒಳಗೆ ಗೇಟಿಗೆ ಹೋಗಿ. ಬಹಳ ಕಡೆ ಸೆಕ್ಯೂರಿಟಿಯವರ ಶಿಫ್ಟ್ ಬದಲಾಗುವುದು ಆ ಹೊತ್ತಿಗೆ. ಮಧ್ಯಾಹ್ನ ಇದ್ದವರು ಮನೆಗೆ ಹೋದ ಮೇಲೆ ರಾತ್ರಿ ಬಂದವರನ್ನು ಕೇಳಿ ಏನೂ ಉಪಯೋಗವಿಲ್ಲ, ಅವರಿಗೆ ನಿಜವಾಗಲೂ ಗೊತ್ತಿರುವುದಿಲ್ಲ. ಜಗಳ ಮಾಡಬೇಡಿ. ಹುಡುಗನೂ ಸುಳ್ಳು ಹೇಳದೆ, ವಾಚ್‌ಮನ್ನೂ ಸುಳ್ಳು ಹೇಳದೆ ಪಾರ್ಸೆಲ್ ಮಾಯ ಆಗಬಹುದು. ನನಗೆ ಹಾಗೇ ಆಗಿತ್ತು.

ನಮ್ಮದು ಬೆಂಗಳೂರಿನಲ್ಲಿ 11 ಟವರ್ ಇರುವ ಅಪಾರ್ಟ್‌ಮೆಂಟ್. ನಮ್ಮ ಮನೆ ಬಿ ಟವರ್, 904. ಅಮ್ಮನಿಗೆ ಬಿಪಿ ನೋಡುವ ಮಷಿನ್ ತರಿಸಿದ್ದೆ. ಮಧ್ಯಾಹ್ನ 1:42ಕ್ಕೆ ಡೆಲಿವರ್ಡ್ ಅಂತ ಮೆಸೇಜ್ ಬಂತು, ನಾನು ಆಫೀಸಲ್ಲಿದ್ದೆ. ಸಂಜೆ ಮನೆಗೆ ಬಂದು ಕೇಳಿದರೆ ಅಮ್ಮ "ಯಾರೂ ಬಂದೇ ಇಲ್ವಲ್ಲೋ" ಅಂದರು.

ಡೆಲಿವರಿ ಹುಡುಗ ಬೆಳಗ್ಗೆ ಕರೆ ಮಾಡಿದ್ದ ನಂಬರಿಗೆ ಮಾಡಿದರೆ ಹೋಗಲೇ ಇಲ್ಲ. ಅದು ಕಂಪನಿಯವರು ನಡುವೆ ಜೋಡಿಸುವ ನಂಬರ್, ಆರ್ಡರ್ ಮುಗಿಯಿತು ಅಂತಾದ ಮೇಲೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಗೇಟ್ ಆ್ಯಪ್ ತೆಗೆದು ನೋಡಿದೆ, ನಮ್ಮ ಮನೆಗೆ ಆ ದಿನ ಎಂಟ್ರಿಯೇ ಇಲ್ಲ! ಬಂದೇ ಇಲ್ಲ, ಸುಳ್ಳು ಡೆಲಿವರಿ ಹಾಕಿದ್ದಾನೆ ಅಂತ ಸಿಟ್ಟು ಬಂತು. ನನ್ನ ಮೊದಲ ತಪ್ಪು ಅದೇ. ಈ ಹುಡುಗರು ಒಂದು ಮನೆಯ ಹೆಸರಲ್ಲಿ ಒಳಗೆ ಬಂದು ಹದಿನೈದು ಇಪ್ಪತ್ತು ಮನೆಗೆ ಕೊಟ್ಟು ಹೋಗುತ್ತಾರೆ, ಪ್ರತಿ ಮನೆಗೂ ಗೇಟಲ್ಲಿ ಅನುಮತಿ ಕೇಳುತ್ತಾ ಕೂತರೆ ಅವರ ದಿನ ಅಲ್ಲೇ ಮುಗಿಯುತ್ತದೆ. ಹಾಗಾಗಿ ನಿಮ್ಮ ಮನೆಯ ಎಂಟ್ರಿ ಇದೆಯಾ ಅಂತ ಕೇಳಬೇಡಿ. ಡೆಲಿವರ್ಡ್ ಆದ ಸಮಯದ ಆಚೆ ಈಚೆ ಅರ್ಧ ಗಂಟೆಯಲ್ಲಿ ಆ ಕೊರಿಯರ್‌ನವರು ಯಾರ ಹೆಸರಲ್ಲಿ ಒಳಗೆ ಬಂದರು ಅಂತ ಕೇಳಿ. ನಮ್ಮ ಗೇಟಿನಲ್ಲಿ ನೋಡಿದಾಗ 1:21ಕ್ಕೆ ಬಂದು 1:55ಕ್ಕೆ ಹೋಗಿದ್ದು ಸಿಕ್ಕಿತು, ಅವನ ಸ್ವಂತ ನಂಬರೂ ಸಿಕ್ಕಿತು.

ಫೋನ್ ಮಾಡಿದರೆ ಪಾಪ, ಅವನಿಗೆ ನೆನಪೇ ಇಲ್ಲ. ಅವತ್ತು ಎಂಬತ್ತಕ್ಕೂ ಜಾಸ್ತಿ ಪಾರ್ಸೆಲ್ ಇತ್ತಂತೆ. "ಸೆಕ್ಯೂರಿಟಿಗೇ ಕೊಟ್ಟಿರ್ಬೇಕು ಸರ್" ಅಂದ. ಈ "ಕೊಟ್ಟಿರ್ಬೇಕು" ಅನ್ನುವುದನ್ನು ಗಮನಿಸಿ, ಅದು ಊಹೆ ಅಷ್ಟೇ. ಗೇಟಿನ ಪಾರ್ಸೆಲ್ ರಿಜಿಸ್ಟರಲ್ಲಿ ನಮ್ಮ ನಂಬರ್ ಇರಲಿಲ್ಲ. ಅಷ್ಟಕ್ಕೇ ಸುಮ್ಮನಾಗದೆ ರ‍್ಯಾಕಿನಲ್ಲಿ ಉಳಿದ ಡಬ್ಬಗಳ ಲೇಬಲ್‌ಗಳನ್ನೂ ಒಂದೊಂದಾಗಿ ನೋಡಿದೆ. ನೀವೂ ನೋಡಿ, ಬರೆಯದೆ ಒಳಗೆ ಎಸೆದಿರುವುದು ಎಷ್ಟೋ ಇರುತ್ತವೆ.

ಕೊನೆಗೆ ದಾರಿ ತೋರಿಸಿದ್ದು ಫೋಟೋ. ಆರ್ಡರ್ ಪುಟದಲ್ಲಿ ಡೆಲಿವರಿ ಫೋಟೋ ಇತ್ತು. ಡಬ್ಬ, ಅದರ ಹಿಂದೆ ಒಂದು ಚಪ್ಪಲಿ ಸ್ಟ್ಯಾಂಡ್, ಬಾಗಿಲ ಕೆಳಗಿನ ಅರ್ಧ. ದೊಡ್ಡದು ಮಾಡಿ ನೋಡಿದರೆ ನೆಲದ ಟೈಲ್ಸ್ ನಮ್ಮದಲ್ಲ. ನಮ್ಮ ಹಂತದ ಟವರ್‌ಗಳಿಗೆ ಬೂದು ಟೈಲ್ಸ್, ಆಮೇಲೆ ಕಟ್ಟಿದ ಡಿಯಿಂದ ಮುಂದಿನವಕ್ಕೆ ಕೆನೆ ಬಣ್ಣದ್ದು. ಬಿ ಮತ್ತು ಡಿ! ಫೋನಲ್ಲೋ ಗೇಟಲ್ಲೋ ಹೇಳಿದರೆ ಎರಡೂ ಒಂದೇ ಥರ ಕೇಳಿಸುತ್ತದೆ. ಡಿ 904ಕ್ಕೆ ಇಂಟರ್‌ಕಾಮ್ ಮಾಡಿದೆ. ಒಬ್ಬರು ಅಜ್ಜಿ ಎತ್ತಿದರು. "ಹೌದಪ್ಪ, ಒಂದು ಡಬ್ಬ ಇದೆ, ಮಗ ತರಿಸಿರ್ಬೇಕು ಅಂತ ತೆಗೆದಿಟ್ಟೆ. ಅವನು ಊರಲ್ಲಿಲ್ಲ" ಅಂದರು.

ವಾಟ್ಸ್ಯಾಪ್ ಗ್ರೂಪಲ್ಲಿ ಯಾಕೆ ಉತ್ತರ ಬರಲ್ಲ ಅನ್ನುವುದು ನನಗೆ ಆಗ ಅರ್ಥವಾಯಿತು. ಮಧ್ಯಾಹ್ನ ಬಾಗಿಲು ತೆರೆಯುವವರು ಅಜ್ಜಿ, ತಾತ, ಇಲ್ಲವೇ ಮನೆಕೆಲಸದವರು. ಗ್ರೂಪಲ್ಲಿ ಇರುವುದು ಮಗನೋ ಸೊಸೆಯೋ. ಅದಕ್ಕೇ ಗ್ರೂಪಿಗೆ ಹಾಕಿ ಕಾಯುವ ಬದಲು ನಿಮ್ಮದೇ ನಂಬರಿನ ಮನೆ ಬೇರೆ ಟವರ್‌ಗಳಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲಿಗೆಲ್ಲ ಇಂಟರ್‌ಕಾಮ್ ಮಾಡಿ. ಆಮೇಲೆ ನಿಮ್ಮ ನೇರ ಮೇಲಿನ, ಕೆಳಗಿನ ಮನೆ. ಇಪ್ಪತ್ತು ನಿಮಿಷದ ಕೆಲಸ.

ಅಲ್ಲೂ ಸಿಗದಿದ್ದರೆ ಅವತ್ತೇ ಆ್ಯಪಲ್ಲಿ "ಡೆಲಿವರ್ಡ್ ಅಂತಿದೆ, ನನಗೆ ಬಂದಿಲ್ಲ" ಅಂತ ದೂರು ಹಾಕಿ, ದೂರಿನ ನಂಬರ್ ಇಟ್ಟುಕೊಳ್ಳಿ. ದೂರು ಹಾಕಲು ಕಂಪನಿಗಳು ಇಷ್ಟೇ ದಿನ ಅಂತ ಇಟ್ಟಿರುತ್ತವೆ. ಕಸ್ಟಮರ್ ಕೇರ್‌ನವರು "ಜಿಪಿಎಸ್ ನಿಮ್ಮ ವಿಳಾಸಕ್ಕೇ ಹೊಂದುತ್ತಿದೆ ಸರ್" ಅನ್ನುತ್ತಾರೆ. ಒಪ್ಪಿಕೊಳ್ಳಬೇಡಿ. ಜಿಪಿಎಸ್ ನಿಮ್ಮ ಕಾಂಪೌಂಡಿಗೆ ಹೊಂದುತ್ತದೆ, ಒಂಬತ್ತನೇ ಮಹಡಿಗೂ ಎರಡನೇ ಮಹಡಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತೆಗೆದುಕೊಂಡವರ ಹೆಸರು, ಸಹಿ, ಫೋಟೋ ಕೊಡಿ ಅಂತ ಬರಹದಲ್ಲಿ ಕೇಳಿ. ಜೊತೆಗೇ ಅಸೋಸಿಯೇಷನ್ ಆಫೀಸಿಗೆ ಒಂದು ಮೇಲ್ ಹಾಕಿ, ಇಂಥ ದಿನ ಇಷ್ಟರಿಂದ ಇಷ್ಟು ಗಂಟೆಯ ಸಿಸಿಟಿವಿ ಭಾಗವನ್ನು ಅಳಿಸದೆ ಇಡಿ ಅಂತ. ನಿಮ್ಮ ಕೈಗೆ ಕೊಡದೇ ಇರಬಹುದು, ಆದರೆ ಕೆಲವು ವಾರಕ್ಕೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ, ಆಮೇಲೆ ಯಾರು ಕೇಳಿದರೂ ಇರುವುದಿಲ್ಲ.

ಕಂಪನಿ ಕೈಕೊಟ್ಟರೆ ಅವರ ಗ್ರೀವೆನ್ಸ್ ಆಫೀಸರ್‌ಗೆ ಬರೆಯಿರಿ, ಹೆಸರು ಮತ್ತು ಮೇಲ್ ಅವರ ಸೈಟಲ್ಲೇ ಇರಬೇಕು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ಸಿಕ್ಕಿತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅದೂ ಆಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದೊಳಗಿನ ವಸ್ತುವಿಗೆ ಅಲ್ಲಿ ಶುಲ್ಕ ಇಲ್ಲ. ಎರಡು ಸಾವಿರದ ವಸ್ತುವಿಗೆ ಅಷ್ಟು ದೂರ ಹೋಗುವುದು ನಿಮಗೆ ಬಿಟ್ಟಿದ್ದು, ನಾನಾದರೆ 1915ಕ್ಕೆ ನಿಲ್ಲಿಸುತ್ತೇನೆ.

ಒಂದು ವಿಷಯ ನೆನಪು ಮಾಡಿಕೊಳ್ಳಿ. ಅವನು ಫೋನ್ ಮಾಡಿ "ಗೇಟಲ್ಲಿ ಇಡ್ಲಾ ಸರ್?" ಅಂದಾಗ ನೀವು ಮೀಟಿಂಗಲ್ಲಿ ಕೂತು "ಹ್ಞೂ ಇಡಿ" ಅಂದಿದ್ದೀರಾ? ಇಲ್ಲ, ಓಟಿಪಿ ಹೇಳಿಬಿಟ್ಟಿದ್ದೀರಾ? ಹಾಗಿದ್ದರೆ ನಿಮ್ಮ ಮಾತಿನಂತೆಯೇ ಕೊಟ್ಟಿದ್ದೇವೆ ಅಂತ ಕಂಪನಿ ಹೇಳುತ್ತದೆ, ನಿಮ್ಮ ದೂರಿನ ಬಲ ಕಡಿಮೆಯಾಗುತ್ತದೆ. ಆಗ ಕಂಪನಿಗಿಂತ ಗೇಟಿನ ಕಡೆಯೇ ಜಾಸ್ತಿ ಹುಡುಕಬೇಕು.

ಇನ್ನು ನನ್ನ ಕೇಸಲ್ಲಿ ತಪ್ಪು ಎಲ್ಲಿತ್ತು ಗೊತ್ತಾ? ಡಬ್ಬದ ಲೇಬಲ್ ನೋಡಿದಾಗ ಗೊತ್ತಾಯಿತು, ಅದರಲ್ಲಿ ಟವರೇ ಇರಲಿಲ್ಲ. ನಾನು ವಿಳಾಸದ ಮೊದಲ ಸಾಲಲ್ಲಿ ಬರೀ 904 ಅಂತ ಬರೆದು, ಟವರ್ ಬಿ ಅನ್ನುವುದನ್ನು ಲ್ಯಾಂಡ್‌ಮಾರ್ಕ್ ಜಾಗದಲ್ಲಿ ಹಾಕಿದ್ದೆ. ಅದು ಲೇಬಲ್ ಮೇಲೆ ಅಚ್ಚಾಗಿರಲಿಲ್ಲ. ಹುಡುಗ ಗೇಟಲ್ಲಿ ಕೇಳಿದ್ದಾನೆ, ಅವರು ಬಿ ಅಂದಿದ್ದಾರೆ, ಇವನಿಗೆ ಡಿ ಅಂತ ಕೇಳಿಸಿದೆ. ಆವತ್ತೇ ಎಲ್ಲ ಆ್ಯಪಲ್ಲೂ ಮೊದಲ ಸಾಲನ್ನು "ಬಿ ಬ್ಲಾಕ್, ಬಿ-904" ಅಂತ ಬದಲಾಯಿಸಿದೆ.

ಡಿ 904ರ ಅಜ್ಜಿ ಈಗಲೂ ಅಪರೂಪಕ್ಕೆ ಇಂಟರ್‌ಕಾಮ್ ಮಾಡುತ್ತಾರೆ, "ನಿಂದೊಂದು ಬಂದಿದೆಯೇನಪ್ಪ ಇಲ್ಲಿ, ಕನ್ನಡಕ ಇಲ್ಲ, ಬಂದು ನೋಡು" ಅಂತ. ಇಲ್ಲಿವರೆಗೆ ಎರಡು ಸಲ ನಿಜವಾಗಲೂ ನನ್ನದೇ ಆಗಿತ್ತು.