ಕುಂಡದಲ್ಲಿ ಹಳದಿ ಅಣಬೆ

"ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ರಾತ್ರೋರಾತ್ರಿ ಹಳದಿ ಅಣಬೆಗಳು ಎದ್ದಿವೆ. ಗಿಡ ಸಾಯುತ್ತದೆಯೇ? ಮಣ್ಣು ಬದಲಿಸಲೇ?"

ಗಿಡಕ್ಕೆ ಏನೂ ಆಗುವುದಿಲ್ಲ, ಮಣ್ಣು ಬದಲಿಸಬೇಡಿ. ನಿಂಬೆ ಹಳದಿ ಬಣ್ಣ, ತೆಳು ಕಾಂಡ, ಟೊಪ್ಪಿಗೆಯ ಮೇಲೆ ಪುಡಿ ಉದುರಿಸಿದಂತೆ ಇದ್ದರೆ ಅದು ಹೆಚ್ಚಾಗಿ ಲ್ಯೂಕೊಕೊಪ್ರಿನಸ್ ಬಿರ್ನ್‌ಬಾಮಿ. ಇದು ಬದುಕಿರುವ ಬೇರನ್ನು ತಿನ್ನುವುದಿಲ್ಲ. ಕೊಕೊಪೀಟ್, ಎಲೆಗೊಬ್ಬರದಂಥ ಸತ್ತ ಪದಾರ್ಥವನ್ನು ಕೊಳೆಸಿ ಬದುಕುತ್ತದೆ. ಅದರ ಬಿಳಿ ಎಳೆಗಳು ಮಣ್ಣಿನೊಳಗೆ ಮೊದಲಿನಿಂದಲೂ ಇದ್ದವು, ಸೆಕೆ ಮತ್ತು ತೇವ ಕೂಡಿದಾಗ ತಲೆ ಹೊರಹಾಕಿವೆ, ಅಷ್ಟೇ. ಆದ್ದರಿಂದಲೇ ಶಿಲೀಂಧ್ರನಾಶಕ ಸುರಿಯುವುದು ದುಡ್ಡಿಗೆ ದಂಡ.

ಮನೆಯಲ್ಲಿ ಮಗು, ನಾಯಿ ಅಥವಾ ಬೆಕ್ಕು ಇದ್ದರೆ ಮಾತ್ರ ಇಂದೇ ಕಿತ್ತು ಕಸಕ್ಕೆ ಹಾಕಿ. ತಿಂದರೆ ಹೊಟ್ಟೆ ಕೆಡುತ್ತದೆ. ಟೊಪ್ಪಿಗೆ ಕೊಡೆಯಂತೆ ಬಿಚ್ಚುವ ಮೊದಲೇ ಕಿತ್ತರೆ ಬೀಜಕಣ ಹರಡುವುದೂ ಕಡಿಮೆ. ಮತ್ತೆ ಬರಬಹುದು, ಬಂದರೆ ಮತ್ತೆ ಕೀಳಿ.

ನೋಡಬೇಕಾದದ್ದು ನೀರನ್ನು. ಬೆರಳನ್ನು ಎರಡು ಅಂಗುಲ ಇಳಿಸಿ. ಅಲ್ಲೂ ಹಸಿಯಾಗಿದ್ದರೆ ನೀರು ಹೆಚ್ಚಾಗಿದೆ. ಕರಿಬೇವಿನ ಎಲೆ ಹಳದಿಯಾಗಿ ಉದುರುತ್ತಿದ್ದು, ಮಣ್ಣು ಹುಳಿ ವಾಸನೆ ಬರುತ್ತಿದ್ದರೆ ಬೇರು ಕೊಳೆಯುತ್ತಿರಬಹುದು. ಅದಕ್ಕೆ ಕಾರಣ ನಿಂತ ನೀರು, ಅಣಬೆಯಲ್ಲ. ಮೇಲ್ಮಣ್ಣು ಒಣಗುವ ತನಕ ನೀರು ನಿಲ್ಲಿಸಿ, ಕೆಳಗಿನ ತೂತು ಕಟ್ಟಿದೆಯೇ ನೋಡಿ.

ಒಮ್ಮೊಮ್ಮೆ ಇದರ ತದ್ವಿರುದ್ಧವೂ ಆಗುತ್ತದೆ. ನನ್ನ ಒಂದು ಕುಂಡದಲ್ಲಿ ಬಿಳಿ ಎಳೆಗಳು ಹೆಣೆದುಕೊಂಡು, ಹಾಕಿದ ನೀರು ಒಳಗಿಳಿಯದೆ ಅಂಚಿನಿಂದ ಜಾರಿಹೋಗುತ್ತಿತ್ತು. ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ನಿಧಾನವಾಗಿ ನೀರುಣಿಸಿದ ಮೇಲೆ ಸರಿಹೋಯಿತು.