ಖಾಲಿ ಕೈಗೂ ಮರಿ ಕೂರುವಂತೆ ಕಲಿಸುವುದು

ಪ್ರಶ್ನೆ: ನಾವು ಪುಣೆಯ ಕೊಥ್ರೂಡ್‌ನ ಫ್ಲ್ಯಾಟಿನಲ್ಲಿದ್ದೇವೆ. ಮೂರು ತಿಂಗಳ ಲ್ಯಾಬ್ರಡಾರ್ ಹೆಣ್ಣುಮರಿ ತಂದಿದ್ದೇವೆ, ಇದೇ ನಮ್ಮ ಮೊದಲ ನಾಯಿ. ಕೈಯಲ್ಲಿ ತಿಂಡಿ ಇದ್ದರೆ ತಕ್ಷಣ ಕೂರುತ್ತಾಳೆ, ಇಲ್ಲದಿದ್ದರೆ ಸುಮ್ಮನೆ ಮುಖ ನೋಡುತ್ತಾಳೆ. ಮಲಗಿಸಲು ಹೋದರೆ ಎದ್ದು ನಿಲ್ಲುತ್ತಾಳೆ. ‘ಇರು’ ಎಂದು ಎರಡು ಹೆಜ್ಜೆ ಹೋದರೆ ಬೆನ್ನಿಗೇ ಬರುತ್ತಾಳೆ. ನಾವೆಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ತಿಂಡಿ ನಿಮ್ಮ ಕೈಯಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ದಿನ ಉಳಿದುಬಿಟ್ಟಿದೆ. ತಿಂಡಿಯ ವಾಸನೆ ಹಿಡಿಸಿ ಮರಿಯ ಮೂಗನ್ನು ಒಂದು ದಿಕ್ಕಿಗೆ ಕರೆದೊಯ್ಯುವುದು ದೇಹಕ್ಕೆ ದಾರಿ ತೋರಿಸುವ ಉಪಾಯವಷ್ಟೇ. ಒಂದು ಭಂಗಿಗೆ ಆರೇಳು ಸಲ ಹಾಗೆ ಮಾಡಿದ ಮೇಲೂ ತಿಂಡಿ ಅದೇ ಕೈಯಲ್ಲಿದ್ದರೆ, ಮರಿಯ ಮಟ್ಟಿಗೆ ಆ ತಿಂಡಿಯೇ ಆಜ್ಞೆಯಾಗುತ್ತದೆ, ನಿಮ್ಮ ಮಾತು ಬರೀ ಸದ್ದಾಗಿ ಉಳಿಯುತ್ತದೆ.

ಕೂರುವುದನ್ನು ಮತ್ತೆ ಮೊದಲಿನಿಂದ ಕಲಿಸಿ. ತಿಂಡಿಯ ತುಂಡು ತೊಗರಿಬೇಳೆಯಷ್ಟಿದ್ದರೆ ಸಾಕು: ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿ, ಬೇಯಿಸಿದ ಮೊಟ್ಟೆ, ಇಲ್ಲವೇ ಆಕೆಯ ದಿನದ ಆಹಾರದಿಂದಲೇ ಎತ್ತಿಟ್ಟ ಕಾಳು. ಒಂದು ಪಾಠಕ್ಕೆ ಹತ್ತು ಹನ್ನೆರಡು ತುಂಡು ಸಾಲುತ್ತದೆ, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಆಕೆಗೆ ವಿಷ. ಮನೆಗೆ ಬಂದವರು ಪ್ರೀತಿಯಿಂದ ಕೊಡಲು ಬಂದರೂ ಬೇಡವೆನ್ನಿ.

ತುಂಡನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಹಣೆಯ ಮೇಲಿನಿಂದ ಕಿವಿಗಳ ನಡುವೆ ನಿಧಾನವಾಗಿ ಹಿಂದಕ್ಕೆ ಸರಿಸಿ. ತಲೆ ಮೇಲೆದ್ದಂತೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಕೈ ನಾಲ್ಕು ಬೆರಳು ಎತ್ತರವಾದರೂ ಆಕೆ ಜಿಗಿಯುತ್ತಾಳೆ. ಹಿಂದೆ ಹಿಂದೆ ಸರಿಯುತ್ತಿದ್ದರೆ ಗೋಡೆಯ ಮೂಲೆಗೆ ಬೆನ್ನು ಮಾಡಿ ನಿಲ್ಲಿಸಿಕೊಳ್ಳಿ. ಹಿಂಭಾಗ ನೆಲ ಮುಟ್ಟಿದ ಕ್ಷಣಕ್ಕೆ ‘ಶಾಭಾಷ್’ ಎಂದು ಹೇಳಿ ತುಂಡು ಕೊಡಿ. ಈ ಮಾತು ತಡವಾದರೆ ಆಕೆ ಎದ್ದುದಕ್ಕೆ ಬಹುಮಾನ ಸಿಕ್ಕಂತಾಗುತ್ತದೆ. ಬೆನ್ನನ್ನು ಕೈಯಿಂದ ಒತ್ತಿ ಕೂರಿಸಬೇಡಿ, ಒತ್ತಿದಷ್ಟೂ ಮರಿ ಎದುರು ಒತ್ತುತ್ತದೆ, ಬೆಳೆಯುತ್ತಿರುವ ಸೊಂಟಕ್ಕೂ ಅದು ಒಳ್ಳೆಯದಲ್ಲ.

ಐದಾರು ಸಲ ಸರಾಗವಾಗಿ ಕೂತ ಮೇಲೆ, ಬಲಗೈ ಖಾಲಿ ಮಾಡಿ, ಆದರೆ ಬೆರಳುಗಳನ್ನು ತಿಂಡಿ ಹಿಡಿದಂತೆಯೇ ಮಡಿಸಿ ಅದೇ ಚಲನೆ ಮಾಡಿ. ತುಂಡು ಎಡಗೈಯಲ್ಲಿ ಬೆನ್ನ ಹಿಂದಿರಲಿ. ಆಕೆ ಕೂತೊಡನೆ ‘ಶಾಭಾಷ್’, ಆಮೇಲೆ ಎಡಗೈ ಮುಂದೆ ಬರಲಿ. ನಿಮ್ಮ ತೊಂದರೆ ಕಳೆಯುವುದು ಇದೊಂದೇ ಹಂತದಲ್ಲಿ, ಆದ್ದರಿಂದ ಇಲ್ಲಿ ಎರಡು ಮೂರು ದಿನ ನಿಲ್ಲಿ. ಖಾಲಿ ಕೈಗೆ ಆಕೆ ತಪ್ಪದೆ ಕೂರತೊಡಗಿದ ಮೇಲಷ್ಟೇ ಮಾತು ಸೇರಿಸಿ: ಮೊದಲು ಮಾತು, ಒಂದು ಕ್ಷಣದ ಬಿಡುವು, ಆಮೇಲೆ ಕೈ. ಎರಡನ್ನೂ ಒಟ್ಟಿಗೆ ಮಾಡಿದರೆ ಮರಿ ಕೈಯನ್ನು ನೋಡುತ್ತದೆಯೇ ಹೊರತು ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಬಿಡುವಿನಲ್ಲೇ, ಕೈ ಅಲುಗುವ ಮೊದಲೇ ಕೂತಳೆಂದರೆ ಮಾತು ಅರ್ಥವಾಯಿತು ಎಂದು ತಿಳಿಯಿರಿ.

ಯಾವ ಮಾತು ಎಂಬುದನ್ನು ನಮ್ಮ ಕಡೆಯ ಮನೆಗಳಲ್ಲಿ ವಿಶೇಷವಾಗಿ ಯೋಚಿಸಬೇಕು. ‘ಕೂತ್ಕೋ’, ‘ಮಲ್ಕೋ’ ಎರಡರ ಕೊನೆಯೂ ಒಂದೇ ಆದ್ದರಿಂದ ಮರಿಗೆ ಗೊಂದಲವಾಗುತ್ತದೆ. ಕೆಲಸಕ್ಕೆ ಬರುವ ಹೆಂಗಸು ಮರಾಠಿಯಲ್ಲಿ ‘ಬಸ್’ ಎಂದರೆ ಕೂರು ಎಂದರ್ಥ, ಮಕ್ಕಳು ಹಿಂದಿಯಲ್ಲಿ ‘ಬಸ್’ ಎಂದರೆ ಸಾಕು ಎಂದರ್ಥ. ಪಾಪ, ಮರಿ ಯಾವುದನ್ನು ನಂಬಬೇಕು? ‘ಸಿಟ್’, ‘ಮಲಗು’, ‘ಇರು’ ಎಂದು ಮೂರು ಬೇರೆ ಬೇರೆ ಸದ್ದು ಆರಿಸಿ, ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿ, ಎಲ್ಲರೂ ಅದನ್ನೇ ಹೇಳಲಿ. ಒಂದು ಸಲ ಮಾತ್ರ ಹೇಳಿ.

ಮಲಗಿಸುವಾಗ ಆಕೆ ಎದ್ದು ನಿಲ್ಲುತ್ತಿರುವುದಕ್ಕೆ ಬಹುಶಃ ಕಾರಣ ಎರಡು. ನಿಮ್ಮ ಕೈ ಬೇಗ ಮುಂದಕ್ಕೆ ಹೋಗುತ್ತಿದೆ, ನಿಮ್ಮ ನೆಲ ಜಾರುತ್ತಿದೆ. ಕೂತ ಮರಿಯ ಮೂಗಿನಿಂದ ತುಂಡನ್ನು ನೇರ ಕೆಳಕ್ಕೆ, ಎರಡು ಮುಂಗಾಲುಗಳ ನಡುವೆ ನೆಲಕ್ಕೆ ಇಳಿಸಿ, ಅಲ್ಲೇ ಕ್ಷಣಕಾಲ ನಿಲ್ಲಿಸಿ, ಆಮೇಲೆ ನೆಲ ಬಿಡದೆ ನಿಮ್ಮ ಕಡೆಗೆ ಅಂಗುಲ ಅಂಗುಲವಾಗಿ ಎಳೆಯಿರಿ. ಮುಂಬೈ ಪಕ್ಕದ ಠಾಣೆ ಊರಿನ ಒಂದು ಫ್ಲ್ಯಾಟಿನಲ್ಲಿ ನಾನು ಕಲಿಸಲು ಹೋದ ಮರಿಯೂ ಹೀಗೆಯೇ ಎದ್ದೇಳುತ್ತಿತ್ತು. ಬಗ್ಗಿ ನೋಡಿದರೆ, ಮೂಗು ಕೆಳಗಿಳಿದಂತೆ ಹೊಳೆಯುವ ಟೈಲ್ಸಿನ ಮೇಲೆ ಅದರ ಮುಂಗಾಲುಗಳು ಎರಡೂ ಕಡೆಗೆ ಜಾರುತ್ತಿದ್ದವು, ಬೀಳುವ ಭಯಕ್ಕೆ ಹಿಂಗಾಲು ಎತ್ತುತ್ತಿತ್ತು. ಯೋಗದ ಮ್ಯಾಟ್ ಹಾಸಿದೆವು. ಮೊದಲ ಸಲ ತಲೆ ನೆಲದ ಹತ್ತಿರ ಬಂದುದಕ್ಕೇ ಒಂದು ತುಂಡು, ಎರಡನೆಯ ಸಲ ಒಂದು ಮೊಣಕೈ ಮುಟ್ಟಿದ್ದಕ್ಕೆ ಇನ್ನೊಂದು; ಐದನೆಯ ಸಲಕ್ಕೆ ಎರಡೂ ಮೊಣಕೈ ಮ್ಯಾಟಿನ ಮೇಲಿದ್ದವು. ಅಷ್ಟಕ್ಕೂ ಒಪ್ಪದ ಮರಿಗಾದರೆ, ನೆಲಕ್ಕೆ ಕೂತು ಒಂದು ಮೊಣಕಾಲು ಮಡಿಸಿ, ಅದರಡಿಯ ಸಂದಿನಲ್ಲಿ ತುಂಡನ್ನು ಎಳೆದರೆ, ನುಸುಳುವ ಭರದಲ್ಲಿ ಮಲಗುತ್ತದೆ. ಇಲ್ಲೂ ಐದಾರು ಸಲದ ಮೇಲೆ ಕೈ ಖಾಲಿಯಾಗಲೇಬೇಕು.

ಇನ್ನು ‘ಇರು’. ಎರಡು ಹೆಜ್ಜೆ ಎಂಬುದು ಮೂರು ತಿಂಗಳ ಮರಿಗೆ ಮೊದಲ ಪಾಠವಲ್ಲ, ಬಹಳ ಮುಂದಿನ ಪಾಠ. ಮೊದಲು ಎದುರಿಗೇ ನಿಂತು ಸಮಯವನ್ನಷ್ಟೇ ಹೆಚ್ಚಿಸಿ: ಕೂರಿಸಿ, ‘ಇರು’ ಎಂದು ಅಂಗೈ ತೋರಿಸಿ, ಒಂದು ಸೆಕೆಂಡು ಕಳೆದೊಡನೆ ಆಕೆ ಕೂತಲ್ಲಿಗೇ ತುಂಡನ್ನು ಬಾಯಿಗೆ ಕೊಟ್ಟು, ‘ಫ್ರೀ’ ಎಂದು ಹೇಳಿ ಬಿಡಿ. ಬಿಡುಗಡೆಗೆ ‘ಸರಿ’, ‘ಆಯ್ತು’ ಬೇಡ. ನೀವು ಫೋನಿನಲ್ಲಿ ಹತ್ತು ಸಲ ಆಯ್ತು ಎನ್ನುತ್ತೀರಿ, ಆಕೆ ಹತ್ತು ಸಲ ಏಳುತ್ತಾಳೆ. ಸೆಕೆಂಡುಗಳನ್ನು ಏರಿಕೆಯಲ್ಲೇ ಇಡದೆ 1, 2, 3, 1, 4, 2, 5 ಎಂದು ಹಿಂದೆ ಮುಂದೆ ಮಾಡಿ, ಇಲ್ಲದಿದ್ದರೆ ಪ್ರತಿ ಸಲವೂ ಕಷ್ಟವಾಗುತ್ತ ಹೋಗಿ ಆಕೆ ಕೈಬಿಡುತ್ತಾಳೆ. ಹತ್ತು ಸೆಕೆಂಡು ಕೂರುವಂತಾದ ಮೇಲೆ ದೂರ ಶುರು ಮಾಡಿ, ಆಗ ಸಮಯವನ್ನು ಮತ್ತೆ ಒಂದಕ್ಕೆ ಇಳಿಸಿ: ಒಂದು ಕಾಲು ಹಿಂದಿಟ್ಟು ತಕ್ಷಣ ಮರಳಿ ಬಂದು ತುಂಡು ಕೊಡಿ. ದೂರದಿಂದ ಕರೆದು ತಿಂಡಿ ಕೊಡುವುದು ಈಗ ಬೇಡ, ಏಕೆಂದರೆ ಆಗ ಎದ್ದು ಬರುವುದಕ್ಕೇ ಫಲ ಸಿಗುತ್ತದೆ. ನಿಮ್ಮ ಮರಿ ಬೆನ್ನಿಗೆ ಬೀಳಲು ಇದೂ ಒಂದು ಕಾರಣವಾಗಿರಬಹುದು. ಲಿಫ್ಟಿನ ಸದ್ದು, ಬಾಗಿಲ ಗಂಟೆ, ಓಡಾಡುವ ಮಕ್ಕಳು ಎಲ್ಲಕ್ಕಿಂತ ಕೊನೆಗೆ ಬರಲಿ.

ಎದ್ದರೆ ಗದರಿಸದೆ ಮತ್ತೆ ಕೂರಿಸಿ. ಸತತ ಎರಡು ಸಲ ಎದ್ದಳೆಂದರೆ ನೀವು ಕೇಳಿದ್ದು ಹೆಚ್ಚಾಯಿತು ಎಂದರ್ಥ, ಮೂರನೆಯ ಸಲ ಅದರ ಅರ್ಧವನ್ನು ಕೇಳಿ.

ಪಾಠ ಎರಡು ಮೂರು ನಿಮಿಷ ಮೀರದಿರಲಿ, ದಿನಕ್ಕೆ ಮೂರು ನಾಲ್ಕು ಸಲ, ಊಟಕ್ಕೆ ಸ್ವಲ್ಪ ಮುಂಚೆ. ಒಂದು ಪಾಠಕ್ಕೆ ಒಂದೇ ಭಂಗಿ ಸಾಕು. ಆಕಳಿಕೆ, ತುಟಿ ನೆಕ್ಕುವುದು, ಇದ್ದಕ್ಕಿದ್ದಂತೆ ಮೈ ಕೆರೆದುಕೊಳ್ಳುವುದು, ನೆಲ ಮೂಸುತ್ತ ಮುಖ ತಿರುಗಿಸುವುದು ಕಂಡರೆ ಅದು ಹಟವಲ್ಲ, ತಲೆ ದಣಿದಿದೆ. ಆಗ ಆಕೆಗೆ ಚೆನ್ನಾಗಿ ಬರುವ ‘ಸಿಟ್’ ಒಂದನ್ನು ಮಾಡಿಸಿ, ತುಂಡು ಕೊಟ್ಟು, ಮ್ಯಾಟ್ ಸುತ್ತಿಡಿ.