ಎಸ್‌ಒಪಿ ಮತ್ತು ಪರ್ಸನಲ್ ಸ್ಟೇಟ್‌ಮೆಂಟ್: ತೋಟದ ಕಥೆ ಯಾವುದರಲ್ಲಿ ಬರಬೇಕು

«ಮಗಳು ಕೃಷಿ ಬಿ.ಎಸ್ಸಿ. ಕೊನೇ ವರ್ಷ. ಅಮೆರಿಕದಲ್ಲಿ ಸಸ್ಯರೋಗದ ಮೇಲೆ ಎಂ.ಎಸ್. ಮಾಡ್ತೀನಿ ಅಂತಾಳೆ. ಒಂದು ಕಡೆ ಎಸ್‌ಒಪಿ, ಇನ್ನೊಂದು ಕಡೆ ಪರ್ಸನಲ್ ಸ್ಟೇಟ್‌ಮೆಂಟ್ ಕೇಳ್ತಾರೆ. ಒಂದನ್ನೇ ಎರಡಕ್ಕೂ ಹಾಕಬಹುದಾ?»

ಹಾಕಬಾರದು ಸರ್. ಕಾರ್ನೆಲ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಅರ್ಜಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಕೇಳುತ್ತಾರೆ. ಎಸ್‌ಒಪಿ ಎಂದರೆ ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಓದಿನ ಉದ್ದೇಶ ಹೇಳುವ ಬರಹ. ಅದನ್ನು ಓದುವ ಪ್ರಾಧ್ಯಾಪಕರು ಈ ವಿದ್ಯಾರ್ಥಿನಿ ಯಾವ ಪ್ರಶ್ನೆ ಹಿಡಿದು ಬರುತ್ತಿದ್ದಾಳೆ, ಅದಕ್ಕೆ ಬೇಕಾದ ಪ್ರಯೋಗಾಲಯದ ಕೆಲಸ ಕಲಿತಿದ್ದಾಳೆಯೇ, ತಮ್ಮಲ್ಲಿ ಯಾರ ಸಂಶೋಧನೆಗೆ ಹೊಂದುತ್ತಾಳೆ ಎಂದು ನೋಡುತ್ತಾರೆ. ಪರ್ಸನಲ್ ಸ್ಟೇಟ್‌ಮೆಂಟಿನಲ್ಲಿ ಅವಳು ಎಂತಹ ಪರಿಸ್ಥಿತಿಯಿಂದ ಬಂದಳು, ಅದು ಅವಳ ಓದನ್ನು ಹೇಗೆ ರೂಪಿಸಿತು ಎಂಬುದು ಮುಖ್ಯ.

ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳ ಕರಡನ್ನು ನಾನು ತಿದ್ದಿಕೊಟ್ಟಿದ್ದೆ. ಎಸ್‌ಒಪಿಯ ಮೊದಲ ಪುಟವಿಡೀ ಮಳೆ, ಅಪ್ಪನ ಬೋರ್ಡೋ ಸಿಂಪಡಣೆ, ಕೊಳೆರೋಗಕ್ಕೆ ಉದುರಿದ ಅಡಿಕೆ. ಅದರಲ್ಲಿ ಒಂದೇ ವಾಕ್ಯ ಉಳಿಸಿದೆವು: ಮಳೆ ಬಿಡುವು ಕೊಡದೆ ಎರಡನೆಯ ಸಿಂಪಡಣೆ ತಡವಾದ ವರ್ಷ ಫಸಲು ಹೋದದ್ದರಿಂದ ಈ ರೋಗಾಣುವಿನ ಬಗ್ಗೆ ಕೇಳತೊಡಗಿದೆ ಎಂದು. ಅದರ ಬೆನ್ನಿಗೇ, ಕೊಳೆತ ಕಾಯಿಯಿಂದ ಆ ರೋಗಾಣುವಾದ ಫೈಟಾಫ್ತೊರಾವನ್ನು ಬೇರ್ಪಡಿಸಲು ಹೋದಾಗ ಪ್ರಯೋಗಾಲಯದ ತಟ್ಟೆಗಳ ತುಂಬ ಬ್ಯಾಕ್ಟೀರಿಯಾ ಬೆಳೆದದ್ದನ್ನೂ, ಆಗ ರೋಗಾಣು ಬೆಳೆಸುವ ಮಾಧ್ಯಮಕ್ಕೆ ಆ್ಯಂಟಿಬಯಾಟಿಕ್ ಸೇರಿಸಿ ಮತ್ತೆ ಮಾಡಿದ್ದನ್ನೂ ಬರೆಸಿದೆ. ಆ ಸೋತ ತಟ್ಟೆಗಳನ್ನು ಅವಳು ನಾಚಿಕೆಯಿಂದ ಮುಚ್ಚಿಟ್ಟಿದ್ದಳು. ನನ್ನ ಪ್ರಕಾರ ಇಡೀ ಬರಹದಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದೇ. ಕನ್ನಡ ಮಾಧ್ಯಮದ ಓದು, ಅಪ್ಪನ ಕಾಯಿಲೆಯಿಂದ ಒಂದು ಸೆಮಿಸ್ಟರ್ ಅಂಕ ಕುಸಿದದ್ದು, ಇವೆಲ್ಲ ಪರ್ಸನಲ್ ಸ್ಟೇಟ್‌ಮೆಂಟಿಗೆ ಹೋದವು.

«ಡಿಗ್ರಿಗೆ ಪರ್ಸನಲ್, ಮಾಸ್ಟರ್ಸ್‌ಗೆ ಎಸ್‌ಒಪಿ» ಎಂದು ನಮ್ಮ ಗುಂಪಿನಲ್ಲಿ ಸಾಗರದ ಸದಸ್ಯರು ಹೇಳಿದ್ದು ಅರ್ಧ ಸರಿ. ಅಮೆರಿಕದ ಪದವಿ ಪ್ರವೇಶಕ್ಕೆ ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ 650 ಪದ ಮೀರದ ಪ್ರಬಂಧವಿದ್ದು, ಅಲ್ಲಿ ತೋಟದ ಕಥೆಯೇ ಮುಖ್ಯವಾಗಬಹುದು. ಆದರೆ ಬ್ರಿಟನ್ನಿನಲ್ಲಿ ಮಾಸ್ಟರ್ಸ್‌ಗೂ ಬಹಳ ಕಡೆ ಪರ್ಸನಲ್ ಸ್ಟೇಟ್‌ಮೆಂಟ್ ಎಂದೇ ಕರೆದು, ಈ ಕೋರ್ಸ್ ಏಕೆ, ನಿಮ್ಮ ಸಿದ್ಧತೆ ಏನು ಎಂದು ಕೇಳುತ್ತಾರೆ. ಹೆಸರು ಅದಾದರೂ ಒಳಗೆ ಬೇಕಾದದ್ದು ಎಸ್‌ಒಪಿಯೇ. ಅಲ್ಲಿನ ಪದವಿಗೆ ಯುಕಾಸ್ ಎಂಬ ಕೇಂದ್ರ ಅರ್ಜಿ ವ್ಯವಸ್ಥೆಯ ಮೂಲಕ ಒಂದೇ ಬರಹ ಐದೂ ಆಯ್ಕೆಗಳಿಗೆ ಹೋಗುವುದರಿಂದ ಅದರಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರನ್ನೂ ಬರೆಯಬಾರದು. 2026ರ ಪ್ರವೇಶದಿಂದ ಅದು ಮೂರು ಪ್ರಶ್ನೆಗಳಾಗಿದೆ, ಒಟ್ಟು 4000 ಅಕ್ಷರ.

ಶಿರಸಿಯ ಅಕ್ಕ ತಮ್ಮ ಮಗನದೆಂದು ಗುಂಪಿನಲ್ಲಿ ಹಾಕಿದ ಎಸ್‌ಒಪಿ ಮಾದರಿ ಆಸ್ಟ್ರೇಲಿಯಾದ ವೀಸಾಕ್ಕೆ ಬರೆದದ್ದು. ಎಷ್ಟು ಎಕರೆ ಜಮೀನಿದೆ, ಖರ್ಚು ಯಾರು ಕೊಡುತ್ತಾರೆ ಎಂಬ ಮಾತು ವೀಸಾ ಅಧಿಕಾರಿಗೆ ಬೇಕು, ಪ್ರಾಧ್ಯಾಪಕರಿಗೆ ಬೇಡ. ಏಜೆಂಟರು ಎರಡನ್ನೂ ಎಸ್‌ಒಪಿ ಎಂದೇ ಕರೆಯುವುದರಿಂದ ಈ ಗೊಂದಲ. ದಯವಿಟ್ಟು ಅದನ್ನು ನಕಲು ಮಾಡಬೇಡಿ.

ಎಸ್‌ಒಪಿ ಒಂದನ್ನೇ ಕೇಳಿದ ಕಡೆ ಕಡಿಮೆ ಅಂಕದ ಕಾರಣ ಬರೆಯಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಕೊನೆಯಲ್ಲಿ ಎರಡು ವಾಕ್ಯ ಸಾಕೆಂದು ನಾನು ಹೇಳುತ್ತೇನೆ. ಅದನ್ನು ಶಿಫಾರಸು ಪತ್ರ ಬರೆಯುವ ಗುರುಗಳಿಗೇ ಬಿಡಬೇಕೆನ್ನುವ ಸಹೋದ್ಯೋಗಿಗಳೂ ಇದ್ದಾರೆ. ಮಗಳು ಆರಿಸಿದ ವಿಭಾಗಗಳ ಪುಟದಲ್ಲಿ ಶೀರ್ಷಿಕೆಯ ಕೆಳಗೆ ಕೊಟ್ಟಿರುವ ಪ್ರಶ್ನೆಯನ್ನು ಪೂರ್ತಿಯಾಗಿ ಇಲ್ಲಿ ಹಾಕಿ, ಯಾವುದಕ್ಕೆ ಏನು ಬರೆಯಬೇಕೆಂದು ನೋಡೋಣ.